ಆ ನಾಲ್ಕು ವೋಲ್ಟ್ ಎಲ್ಲಿಗೆ ಹೋಯಿತು?

ಪ್ರಶ್ನೆ: ಸರ್, 3 ಓಮ್ ರೆಸಿಸ್ಟರ್, 1 ಹೆನ್ರಿ ಇಂಡಕ್ಟರ್, 0.5 ಫ್ಯಾರಡ್ ಕೆಪಾಸಿಟರ್ ಸೀರೀಸ್‌ನಲ್ಲಿವೆ. ಕೆಪಾಸಿಟರ್‌ಗೆ ಪ್ಯಾರಲಲ್ ಆಗಿ ಒಂದು ಸ್ವಿಚ್ ಮತ್ತು 2 ಓಮ್ ರೆಸಿಸ್ಟರ್ ಇದೆ. ಸೋರ್ಸ್ 10 ವೋಲ್ಟ್, ಸ್ವಿಚ್ ಮುಚ್ಚಿ ತುಂಬಾ ಹೊತ್ತಾಗಿದೆ. t = 0 ಆದಾಗ ಸ್ವಿಚ್ ತೆರೆಯುತ್ತದೆ, ಅದೇ ಕ್ಷಣಕ್ಕೆ ಸೋರ್ಸ್ 12 ವೋಲ್ಟ್‌ಗೆ ಏರುತ್ತದೆ. ಲ್ಯಾಪ್ಲಾಸ್ ಹಾಕಿ ಕರೆಂಟ್ ಕಂಡುಹಿಡಿದೆ, ಅದು ಪುಸ್ತಕದ ಉತ್ತರಕ್ಕೆ ಹೊಂದುತ್ತದೆ. ಆದರೆ ಕೆಪಾಸಿಟರ್ ವೋಲ್ಟೇಜ್ ಸೊನ್ನೆಯಿಂದ ಶುರುವಾಗಿ 8ಕ್ಕೆ ನಿಲ್ಲುತ್ತಿದೆ. ಇಂಡಕ್ಟರ್ ವೋಲ್ಟೇಜ್‌ನಲ್ಲಿ 2δ(t) ಅಂತ ಒಂದು ಇಂಪಲ್ಸ್ ಬೇರೆ ಬಂದಿದೆ. ಎಲ್ಲಿ ತಪ್ಪಿದೆ? ಇನ್ನೊಂದು ಅನುಮಾನ: ಸೋರ್ಸ್ ಏರಿದ್ದು 2 ವೋಲ್ಟ್ ತಾನೇ, ಹಾಗಾದರೆ 2/s ಹಾಕಬೇಕಲ್ವಾ ಅನ್ನುತ್ತಾನೆ ಗೆಳೆಯ. ನಾನು 12/s ಹಾಕಿದ್ದೆ.

ಉತ್ತರ: ನೀವು ಹಾಕಿದ 12/s ಸರಿ. ಕರೆಂಟ್ ಕೂಡ ಸರಿ. ಕೆಪಾಸಿಟರ್ ಮತ್ತು ಇಂಡಕ್ಟರ್‌ನಲ್ಲಿ ಬಂದಿರುವುದು ಎರಡು ಬೇರೆ ತಪ್ಪುಗಳಲ್ಲ, ಒಂದೇ ತಪ್ಪು ಎರಡು ಕಡೆ ಕಾಣಿಸಿಕೊಂಡಿದೆ ಅಷ್ಟೆ. ಕರೆಂಟ್ ಸಿಕ್ಕಿದ ಮೇಲೆ ನೀವು ಕೆಪಾಸಿಟರ್ ವೋಲ್ಟೇಜ್‌ಗೆ I/(sC) ಅಂತಲೂ, ಇಂಡಕ್ಟರ್ ವೋಲ್ಟೇಜ್‌ಗೆ sLI ಅಂತಲೂ ಬರೆದಿರಬೇಕು. ಅವು ನಿಮ್ಮ ಕೆಪಾಸಿಟರ್, ಇಂಡಕ್ಟರ್‌ಗಳ ವೋಲ್ಟೇಜ್ ಅಲ್ಲ. ಯಾಕೆ ಅಲ್ಲ ಅನ್ನುವುದಕ್ಕೆ ಮೊದಲಿಂದ ಬರೋಣ.

ಮೊದಲು t = 0ಕ್ಕಿಂತ ಹಿಂದಿನ ಸ್ಥಿತಿ. ತುಂಬಾ ಹೊತ್ತಿನಿಂದ ಡಿಸಿ ಇದೆ. ಹಾಗಾಗಿ ಇಂಡಕ್ಟರ್ ಬರೀ ತಂತಿಯಂತೆ, ಕೆಪಾಸಿಟರ್ ತೆರೆದ ಸರ್ಕ್ಯೂಟ್‌ನಂತೆ. ಉಳಿಯುವುದು 10 ವೋಲ್ಟ್, 3 ಓಮ್, 2 ಓಮ್. ಕರೆಂಟ್ 10/5, ಅಂದರೆ 2 ಆಂಪಿಯರ್. ಕೆಪಾಸಿಟರ್ ಮೇಲೆ ಇರುವುದು 2 ಓಮ್‌ನ ವೋಲ್ಟೇಜ್, ಅಂದರೆ 4 ವೋಲ್ಟ್. ಸ್ವಿಚ್ ತೆರೆದಾಗ 2 ಓಮ್‌ನ ಕರೆಂಟ್ ಥಟ್ಟನೆ ನಿಲ್ಲುತ್ತದೆ. ಅದು ರೆಸಿಸ್ಟರ್, ಅದಕ್ಕೆ ಹಿಂದಿನ ನೆನಪಿಲ್ಲ, ತೊಂದರೆ ಇಲ್ಲ. ಆದರೆ ಇಂಡಕ್ಟರ್‌ನ 2 ಆಂಪಿಯರ್ ಮತ್ತು ಕೆಪಾಸಿಟರ್‌ನ 4 ವೋಲ್ಟ್ ಹಾಗೇ ಮುಂದುವರಿಯುತ್ತವೆ. ಆ 2 ಆಂಪಿಯರ್‌ಗೆ ಈಗ ಕೆಪಾಸಿಟರ್ ಒಂದೇ ದಾರಿ.

ಈಗ ಗೆಳೆಯನ 2/s ವಿಚಾರ. ನಾವು ಬಳಸುವ ಲ್ಯಾಪ್ಲಾಸ್ ಒಂದು ಬದಿಯದು, 0ಯಿಂದ ಅನಂತದವರೆಗೆ ಮಾತ್ರ ನೋಡುತ್ತದೆ. ಅದರ ಕಣ್ಣಿಗೆ ಸೋರ್ಸ್ ಅಂದರೆ t = 0 ಆದಮೇಲೆ ಇರುವ 12 ವೋಲ್ಟ್. ಹಿಂದೆ 10 ಇತ್ತೋ, ಸೊನ್ನೆ ಇತ್ತೋ ಅದಕ್ಕೆ ಗೊತ್ತಿಲ್ಲ. ಹಳೆಯ 10 ವೋಲ್ಟ್ ಮಾಡಿದ ಕೆಲಸವೆಲ್ಲ 2 ಆಂಪಿಯರ್, 4 ವೋಲ್ಟ್ ಅನ್ನುವ ಎರಡು ಸಂಖ್ಯೆಗಳಲ್ಲಿ ಅಡಗಿ ಕೂತಿದೆ. ಗೆಳೆಯ ಹೇಳಿದಂತೆ ಏರಿಕೆಯನ್ನಷ್ಟೇ ತೆಗೆದುಕೊಂಡು ಮಾಡುವ ವಿಧಾನವೂ ಇದೆ: ಆರಂಭದ ಬೆಲೆಗಳನ್ನೆಲ್ಲ ಸೊನ್ನೆ ಮಾಡಿ, 2/s ಹಾಕಿ, ಬಂದ ಉತ್ತರಕ್ಕೆ ಹಳೆಯ ಸ್ಥಿರ ಸ್ಥಿತಿಯನ್ನು ಕೂಡಿಸುವುದು. ಆದರೆ ಅದು ನಡೆಯುವುದು ಸರ್ಕ್ಯೂಟ್ ಬದಲಾಗದೆ ಸೋರ್ಸ್ ಮಾತ್ರ ಬದಲಾದಾಗ. ಇಲ್ಲಿ ಸ್ವಿಚ್ ತೆರೆದು ಸರ್ಕ್ಯೂಟೇ ಬದಲಾಗಿದೆ. 2 ಆಂಪಿಯರ್, 4 ವೋಲ್ಟ್ ಅನ್ನುವುದು ಹೊಸ ಸರ್ಕ್ಯೂಟ್‌ಗೆ ಸ್ಥಿರ ಸ್ಥಿತಿಯೇ ಅಲ್ಲ. ಎರಡೂ ವಿಧಾನ ಬೆರೆಸಿ, 2/s ಜೊತೆಗೆ ಆರಂಭದ ಬೆಲೆಗಳನ್ನೂ ಹಾಕಿದರೆ ಕೆಪಾಸಿಟರ್ ಕೊನೆಗೆ 2 ವೋಲ್ಟ್‌ನಲ್ಲಿ ನಿಲ್ಲುತ್ತದೆ. 12 ವೋಲ್ಟ್ ಸೋರ್ಸ್‌ಗೆ ಸಿಕ್ಕಿಸಿದ ಕೆಪಾಸಿಟರ್ 2 ವೋಲ್ಟ್‌ನಲ್ಲಿ ಯಾಕೆ ನಿಲ್ಲುತ್ತದೆ ಅಂತ ಗೆಳೆಯನನ್ನೇ ಕೇಳಿ.

ಇನ್ನು ನಿಜವಾದ ವಿಷಯಕ್ಕೆ. ಡಿರೈವೇಟಿವ್‌ನ ಲ್ಯಾಪ್ಲಾಸ್ ತೆಗೆದಾಗ ಆರಂಭದ ಬೆಲೆ ತಾನಾಗಿ ಹೊರಬರುತ್ತದೆ. ಹಾಗಾಗಿ ಎರಡು ಭಾಗಗಳ ಸಂಬಂಧ ಹೀಗಿರುತ್ತದೆ:

```
V_L(s) = sL·I(s) − L·i(0)
V_C(s) = I(s)/(sC) + v(0)/s
```

ಇಲ್ಲಿ ಕರೆಂಟ್ ಸೋರ್ಸ್‌ನ ಪ್ಲಸ್ ಕಡೆಯಿಂದ ಹೊರಟು, ಕೆಪಾಸಿಟರ್‌ನ ಪ್ಲಸ್ ತುದಿಯಿಂದ ಒಳಗೆ ಹೋಗುತ್ತದೆ ಅಂತ ಇಟ್ಟುಕೊಂಡಿದ್ದೇನೆ. ದಿಕ್ಕು ಮೊದಲೇ ಗುರುತು ಮಾಡದಿದ್ದರೆ ಮುಂದಿನ ಚಿಹ್ನೆಗಳಿಗೆ ಅರ್ಥವೇ ಇರುವುದಿಲ್ಲ.

ಎರಡನೇ ಸಾಲನ್ನು ನಿಧಾನವಾಗಿ ನೋಡಿ. 4 ವೋಲ್ಟ್ ತುಂಬಿಕೊಂಡ ಕೆಪಾಸಿಟರ್ ಅಂದರೆ ಒಂದು ಖಾಲಿ ಕೆಪಾಸಿಟರ್, ಅದರ ಜೊತೆ ಸೀರೀಸ್‌ನಲ್ಲಿ ಒಂದು 4/s ಸೋರ್ಸ್. ಖಾಲಿ ಕೆಪಾಸಿಟರ್‌ನ ವೋಲ್ಟೇಜ್ I/(sC). ಆದರೆ ನಿಮ್ಮ ಬೋರ್ಡ್ ಮೇಲೆ ಇರುವ ಕೆಪಾಸಿಟರ್ ಖಾಲಿಯಲ್ಲ. ಅದರ ಎರಡು ಕಾಲುಗಳ ನಡುವೆ ಮೀಟರ್ ಹಿಡಿದರೆ ಸಿಗುವುದು ಎರಡೂ ಸೇರಿದ ವೋಲ್ಟೇಜ್. ಕಾಗದದ ಮೇಲೆ ಆ 4/s ಒಂದು ಬೇರೆ ಸೋರ್ಸ್‌ನಂತೆ ಕಾಣುತ್ತದೆ, ಆದ್ದರಿಂದ ಅದನ್ನು ಹೊರಗಿನ ಬ್ಯಾಟರಿ ಅಂದುಕೊಂಡು ಪಕ್ಕಕ್ಕೆ ಬಿಡುತ್ತೇವೆ. ಅದು ಹೊರಗಿಲ್ಲ. ಕೆಪಾಸಿಟರ್‌ನ ಹೊಟ್ಟೆಯೊಳಗೆ ಇದೆ. ನೀವು ಅಳೆದದ್ದು ಖಾಲಿ ಕೆಪಾಸಿಟರ್‌ನ ವೋಲ್ಟೇಜ್. ಅದಕ್ಕೇ ಸೊನ್ನೆಯಿಂದ ಶುರುವಾಯಿತು. ಕೊನೆಯಲ್ಲೂ ಅದೇ 4 ಕಡಿಮೆಯಾಗಿ, 12ರ ಬದಲು 8 ಬಂತು.

ಇಂಡಕ್ಟರ್‌ನ ಕಥೆಯೂ ಇದೇ, ಸ್ವಲ್ಪ ಜಾಸ್ತಿ ಸ್ವಾರಸ್ಯ ಇದೆ. ಅದರೊಳಗಿನ ಸೋರ್ಸ್ L·i(0), ಅಂದರೆ 2. ಕೆಳಗೆ s ಇಲ್ಲ. s ಕೆಳಗಿಲ್ಲದ ಬರೀ ಸಂಖ್ಯೆ ಅಂದರೆ ಸಮಯದ ಲೆಕ್ಕದಲ್ಲಿ ಇಂಪಲ್ಸ್. ಅದರ ಅರ್ಥ ಇಷ್ಟು: ಕರೆಂಟ್ ಇಲ್ಲದ ಖಾಲಿ ಇಂಡಕ್ಟರ್‌ಗೆ t = 0 ಕ್ಷಣದಲ್ಲಿ 2 ವೋಲ್ಟ್-ಸೆಕೆಂಡ್‌ನ ಒಂದು ಏಟು ಕೊಟ್ಟರೆ, ಅದರ ಕರೆಂಟ್ ಸೊನ್ನೆಯಿಂದ 2 ಆಂಪಿಯರ್‌ಗೆ ಹಾರುತ್ತದೆ. ಮೊದಲಿಂದಲೂ 2 ಆಂಪಿಯರ್ ಹರಿಯುತ್ತಿದ್ದ ಇಂಡಕ್ಟರ್‌ಗೂ ಇದಕ್ಕೂ t = 0 ಆದಮೇಲೆ ವ್ಯತ್ಯಾಸ ಇರುವುದಿಲ್ಲ. ನಿಮ್ಮ ಉತ್ತರದಲ್ಲಿ ಬಂದ 2δ(t) ಬೇರೇನೂ ಅಲ್ಲ, ಆ ಏಟೇ. ಖಾಲಿ ಇಂಡಕ್ಟರ್ ಮೇಲೆ ಮೀಟರ್ ಇಟ್ಟಿರಿ, ಏಟು ಕಂಡಿತು. ನಿಜವಾದ ಇಂಡಕ್ಟರ್‌ನ ಕಾಲುಗಳ ನಡುವೆ ಅಂಥದ್ದೇನೂ ಇಲ್ಲ, ಯಾಕೆಂದರೆ ಒಳಗಿನ ಸೋರ್ಸ್ ಅದನ್ನು ಸರಿಯಾಗಿ ಕಳೆದುಬಿಡುತ್ತದೆ.

ಚಿಹ್ನೆ ನೆನಪಿಡಲು ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಹೀಗೆ ಯೋಚಿಸಿ. ಇಂಡಕ್ಟರ್‌ಗೆ ತನ್ನ ಕರೆಂಟ್ ನಿಲ್ಲಬಾರದು. ಹಾಗಾಗಿ ಒಳಗಿನ ಸೋರ್ಸ್ ಕರೆಂಟನ್ನು ಮುಂದಕ್ಕೆ ತಳ್ಳುತ್ತದೆ. ತುಂಬಿದ ಕೆಪಾಸಿಟರ್ ತನ್ನ ಪ್ಲಸ್ ತುದಿಗೆ ಬರುವ ಕರೆಂಟನ್ನು ಹಿಂದಕ್ಕೆ ತಳ್ಳುತ್ತದೆ. ಸೋರ್ಸ್‌ಗೆ ಒಬ್ಬ ಜೊತೆಗಾರ, ಒಬ್ಬ ಎದುರಾಳಿ. ಲೂಪ್‌ನ ಸಮೀಕರಣ ಈಗ ತಾನಾಗಿ ಬರುತ್ತದೆ:

```
12/s + 2 − 4/s = (s + 3 + 2/s)·I(s)

I(s) = (2s + 8) / ((s + 1)(s + 2))
     = 6/(s + 1) − 4/(s + 2)

i(t) = 6e^(−t) − 4e^(−2t)
```

ಪಾರ್ಶಿಯಲ್ ಫ್ರ್ಯಾಕ್ಷನ್ ನಿಮಗೆ ಗೊತ್ತೇ ಇದೆ, ಅಲ್ಲಿ ನಿಲ್ಲುವುದಿಲ್ಲ. t = 0 ಹಾಕಿದರೆ 6 − 4, ಅಂದರೆ 2 ಆಂಪಿಯರ್, ಸರಿ. ಈ ಕರೆಂಟ್ ನೇರವಾಗಿ ಇಳಿಯುವುದಿಲ್ಲ ಅನ್ನುವುದನ್ನೂ ಗಮನಿಸಿ. ಮೊದಲು ಸ್ವಲ್ಪ ಏರುತ್ತದೆ. ಸುಮಾರು 0.29 ಸೆಕೆಂಡ್‌ಗೆ 2.25 ಆಂಪಿಯರ್ ಮುಟ್ಟಿ, ಆಮೇಲೆ ಸೊನ್ನೆಯ ಕಡೆ ಇಳಿಯುತ್ತದೆ.

ಈಗ ಕೆಪಾಸಿಟರ್ ಮತ್ತು ಇಂಡಕ್ಟರ್, ಈ ಸಲ ಹೊಟ್ಟೆಯೊಳಗಿನ ಸೋರ್ಸ್ ಸಮೇತ:

```
V_C(s) = 2·I(s)/s + 4/s
v_C(t) = 12 − 12e^(−t) + 4e^(−2t)

V_L(s) = s·I(s) − 2 = (2s − 4) / ((s + 1)(s + 2))
v_L(t) = −6e^(−t) + 8e^(−2t)
```

ಕೆಪಾಸಿಟರ್ 4 ವೋಲ್ಟ್‌ನಿಂದ ಶುರುವಾಗಿ 12ಕ್ಕೆ ಹೋಗುತ್ತದೆ. ಇಂಡಕ್ಟರ್ 2 ವೋಲ್ಟ್‌ನಿಂದ ಶುರುವಾಗುತ್ತದೆ, ಇಂಪಲ್ಸ್ ಮಾಯ. ಆ 2 ಕಳೆಯುವ ಮೊದಲು s·I(s) ಹೇಗಿತ್ತು ನೋಡಿ: ಮೇಲೆ s ವರ್ಗ, ಕೆಳಗೂ s ವರ್ಗ. ಮೇಲಿನ ಡಿಗ್ರಿ ಕೆಳಗಿನದಕ್ಕೆ ಸಮವಾದರೆ ಭಾಗಾಕಾರದಲ್ಲಿ ಒಂದು ಬರೀ ಸಂಖ್ಯೆ ಹೊರಗೆ ಬಂದೇ ಬರುತ್ತದೆ, ಅದೇ ಇಂಪಲ್ಸ್. ಹಾಗಾಗಿ ಇಂಡಕ್ಟರ್ ವೋಲ್ಟೇಜ್ ಬರೆದ ತಕ್ಷಣ ಡಿಗ್ರಿ ನೋಡುವ ಅಭ್ಯಾಸ ಒಳ್ಳೆಯದು. ಇಂಥ ಸರ್ಕ್ಯೂಟ್‌ನಲ್ಲಿ ಮೇಲೆ, ಕೆಳಗೆ ಡಿಗ್ರಿ ಸಮ ಬಂದರೆ L·i(0) ಕಳೆಯಲು ಮರೆತಿದ್ದೀರಿ ಅಂತಲೇ ಅರ್ಥ.

ಉತ್ತರವನ್ನು ಹೇಗೆ ಪರೀಕ್ಷಿಸಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಉತ್ತರ ಪತ್ರಿಕೆ ತಿದ್ದುವಾಗ ಪದೇ ಪದೇ ಕಾಣುವುದು ಇದನ್ನೇ: ವಿದ್ಯಾರ್ಥಿ i(0) = 2 ಬಂತಾ ಅಂತ ನೋಡಿ, ಬಂತು ಅಂತ ಟಿಕ್ ಹಾಕಿ ಮುಂದೆ ಹೋಗಿರುತ್ತಾರೆ. ಅದು ಅರ್ಧ ಪರೀಕ್ಷೆ. ಇಂಡಕ್ಟರ್ ಸೋರ್ಸ್‌ನ ಚಿಹ್ನೆ ತಪ್ಪಾಗಿದ್ದರೆ i(0) ಮೈನಸ್ 2 ಬರುತ್ತದೆ, ತಕ್ಷಣ ಸಿಕ್ಕಿಬೀಳುತ್ತೀರಿ. ಆದರೆ ಕೆಪಾಸಿಟರ್ ಸೋರ್ಸ್‌ನ ಚಿಹ್ನೆ ತಪ್ಪಿದರೆ? ಮಾಡಿ ನೋಡೋಣ. ಮೈನಸ್ 4/s ಬದಲು ಪ್ಲಸ್ 4/s ಹಾಕಿದರೆ ಮೇಲೆ 2s + 16 ಆಗುತ್ತದೆ:

```
i(t) = 14e^(−t) − 12e^(−2t)      (ತಪ್ಪು)
```

t = 0 ಹಾಕಿ. 14 − 12, ಅಂದರೆ 2. ಆರಂಭದ ಬೆಲೆ ಸರಿಯಾಗಿದೆ! t ದೊಡ್ಡದಾದಾಗ ಕರೆಂಟ್ ಸೊನ್ನೆ, ಅದೂ ಸರಿಯಾಗಿದೆ. ಎರಡು ಟಿಕ್ ಬಿದ್ದ ತಪ್ಪು ಉತ್ತರ. ಕಾರಣ ಸರಳ: t = 0 ಕ್ಷಣದ ಕರೆಂಟನ್ನು ನಿರ್ಧರಿಸುವುದು ಇಂಡಕ್ಟರ್ ಮಾತ್ರ. ಕೆಪಾಸಿಟರ್‌ನ ವೋಲ್ಟೇಜ್ ಎಷ್ಟೇ ಇರಲಿ, ಅದು ಆ ಕ್ಷಣದ ಕರೆಂಟನ್ನು ಮುಟ್ಟಲಾರದು. ಕರೆಂಟ್ ಎಷ್ಟು ಬೇಗ ಬದಲಾಗಬೇಕು ಅನ್ನುವುದನ್ನಷ್ಟೇ ಅದು ಹೇಳಬಲ್ಲದು.

ಹಾಗಾಗಿ ಇಳಿಜಾರನ್ನು ನೋಡಬೇಕು. ಸ್ವಿಚ್ ತೆರೆದ ಮರುಕ್ಷಣ 12 ವೋಲ್ಟ್‌ನಲ್ಲಿ 3 ಓಮ್ ತಿನ್ನುವುದು 6, ಕೆಪಾಸಿಟರ್ ಹಿಡಿದಿರುವುದು 4. ಇಂಡಕ್ಟರ್‌ಗೆ ಉಳಿಯುವುದು 2 ವೋಲ್ಟ್. ಇಂಡಕ್ಟರ್ 1 ಹೆನ್ರಿ, ಆದ್ದರಿಂದ ಕರೆಂಟ್ ಸೆಕೆಂಡ್‌ಗೆ 2 ಆಂಪಿಯರ್ ದರದಲ್ಲಿ ಏರಲು ಶುರುಮಾಡಬೇಕು. ಸರಿಯಾದ ಉತ್ತರದ ಇಳಿಜಾರು −6 + 8, ಅಂದರೆ 2. ತಪ್ಪು ಉತ್ತರದ್ದು −14 + 24, ಅಂದರೆ 10. ಸಿಕ್ಕಿಬಿತ್ತು. ಈ ಲೆಕ್ಕಕ್ಕೆ ಲ್ಯಾಪ್ಲಾಸ್ ಬೇಡವೇ ಬೇಡ, ಬರೀ ಲೂಪ್ ಸುತ್ತ ವೋಲ್ಟೇಜ್ ಕೂಡಿಸಿದರೆ ಸಾಕು. ಅದಕ್ಕೇ ಅದು ನಂಬಬಹುದಾದ ಪರೀಕ್ಷೆ. ಲ್ಯಾಪ್ಲಾಸ್‌ನಲ್ಲಿ ಮಾಡಿದ್ದನ್ನು ಲ್ಯಾಪ್ಲಾಸ್‌ನಲ್ಲೇ ಪರೀಕ್ಷಿಸಿದರೆ ಅದೇ ತಪ್ಪು ಚಿಹ್ನೆ ಅಲ್ಲೂ ಬಂದು ಕೂರುತ್ತದೆ.

ಗೆಳೆಯನ 2/s ಕೂಡ ಇದೇ ಬಲೆಗೆ ಬೀಳುತ್ತದೆ. ಆರಂಭದ ಬೆಲೆಗಳ ಜೊತೆ 2/s ಹಾಕಿದರೂ i(0) = 2 ಬರುತ್ತದೆ. ಇಳಿಜಾರು ಮಾತ್ರ 2ರ ಬದಲು ಮೈನಸ್ 8 ಆಗುತ್ತದೆ.

ಸಂಖ್ಯೆಗಳ ಬಗ್ಗೆ ಒಂದು ಮಾತು. 1 ಹೆನ್ರಿ, ಅರ್ಧ ಫ್ಯಾರಡ್ ಅನ್ನುವುದು ಲೆಕ್ಕ ಸುಲಭವಾಗಲಿ ಅಂತ ಆರಿಸಿದ್ದು. ಬೆಂಚ್ ಮೇಲೆ ಮಾಡಿ ನೋಡುವುದಾದರೆ 1 ಮಿಲಿಹೆನ್ರಿ ಮತ್ತು 500 ಮೈಕ್ರೋಫ್ಯಾರಡ್ ತೆಗೆದುಕೊಳ್ಳಿ, 3 ಓಮ್ ಹಾಗೇ ಇರಲಿ. ಆಗ −1, −2 ಇದ್ದ ಜಾಗದಲ್ಲಿ −1000, −2000 ಬರುತ್ತದೆ. ಅಲೆಯ ಆಕಾರ, ಆಂಪಿಯರ್, ವೋಲ್ಟ್ ಎಲ್ಲ ಹಾಗೇ ಇರುತ್ತವೆ, ಸೆಕೆಂಡ್ ಹೋಗಿ ಮಿಲಿಸೆಕೆಂಡ್ ಆಗುತ್ತದೆ ಅಷ್ಟೆ. ಇಂಡಕ್ಟರ್‌ನ ಸುರುಳಿಗೂ ಸ್ವಲ್ಪ ರೆಸಿಸ್ಟೆನ್ಸ್ ಇರುತ್ತದೆ, ಅದನ್ನು ಆ 3 ಓಮ್‌ನೊಳಗೇ ಸೇರಿಸಿ ಲೆಕ್ಕ ಹಾಕಿ.

ಕೊನೆಯದಾಗಿ ಇಂಪಲ್ಸ್ ವಿಚಾರ. ನಿಮ್ಮ δ ಸುಳ್ಳು ಅಂದೆ ಅಂತ, ಎಲ್ಲೇ δ ಬಂದರೂ ಹೊಡೆದು ಹಾಕಬೇಡಿ. ಇಂಡಕ್ಟರ್ ವೋಲ್ಟೇಜ್‌ನಲ್ಲಿ δ ನಿಜವಾಗಿಯೂ ಇದ್ದರೆ ಅದರ ಕರೆಂಟ್ ಆ ಕ್ಷಣದಲ್ಲಿ ಹಾರಬೇಕು. ನಿಮ್ಮಲ್ಲಿ ಹಿಂದೆಯೂ 2 ಆಂಪಿಯರ್, ಮುಂದೆಯೂ 2 ಆಂಪಿಯರ್. ಹಾರಿಲ್ಲ, ಹಾಗಾಗಿ δ ಸುಳ್ಳು. ಇದಕ್ಕೆ ಉಲ್ಟಾ ಉದಾಹರಣೆ ನೋಡಿ. 4 ವೋಲ್ಟ್ ತುಂಬಿದ ಅರ್ಧ ಫ್ಯಾರಡ್ ಕೆಪಾಸಿಟರ್, ಅದಕ್ಕೆ ಸ್ವಿಚ್ ಮೂಲಕ ನೇರವಾಗಿ ಅಷ್ಟೇ ದೊಡ್ಡ ಖಾಲಿ ಕೆಪಾಸಿಟರ್. ನಡುವೆ ರೆಸಿಸ್ಟರ್ ಇಲ್ಲ. ಸ್ವಿಚ್ ಮುಚ್ಚಿದಾಗ ಲೂಪ್‌ನಲ್ಲಿ ಇರುವುದು ಇಷ್ಟೇ:

```
4/s = (2/s + 2/s)·I(s)
I(s) = 1,   i(t) = δ(t)
```

ಇಲ್ಲಿ ಏನೂ ಮರೆತಿಲ್ಲ. ಎರಡೂ ಕೆಪಾಸಿಟರ್ ಒಂದೇ ಕ್ಷಣದಲ್ಲಿ 2 ವೋಲ್ಟ್‌ಗೆ ಬಂದು ನಿಲ್ಲಬೇಕು, ಅದಕ್ಕೆ 1 ಕೂಲಂಬ್ ಚಾರ್ಜ್ ಆಚೆಯಿಂದ ಈಚೆಗೆ ಒಮ್ಮೆಲೇ ಬರಬೇಕು. ಆ δ ನಿಜವಾದದ್ದು. ಇಂಥ ಕಡೆ ಆರಂಭದ ಬೆಲೆ ಅಂದರೆ ಸ್ವಿಚ್ ಮುಚ್ಚುವ ಮೊದಲಿನ ಬೆಲೆ, ಅಂದರೆ 4 ಮತ್ತು 0, ಹಾಕಬೇಕು. ಮುಚ್ಚಿದ ನಂತರದ 2 ಮತ್ತು 2 ಹಾಕಿದರೆ δ ಕಾಣೆಯಾಗಿಬಿಡುತ್ತದೆ. ನಿಮ್ಮ ಸರ್ಕ್ಯೂಟ್‌ನಲ್ಲಿ ಮೊದಲಿನ ಬೆಲೆ, ನಂತರದ ಬೆಲೆ ಎರಡೂ ಒಂದೇ ಆದ್ದರಿಂದ ಈ ಭೇದ ಕಾಣಿಸಿರಲಿಲ್ಲ.

ನಿಜವಾದ ತಂತಿಗೆ ಒಂದಿಷ್ಟು ರೆಸಿಸ್ಟೆನ್ಸ್ ಇದ್ದೇ ಇರುತ್ತದೆ. ಅದನ್ನು R ಅಂತ ಸೇರಿಸಿದರೆ ಕರೆಂಟ್ 4/R ಎತ್ತರದಿಂದ ಶುರುವಾಗಿ e^(−4t/R) ಪ್ರಕಾರ ಇಳಿಯುತ್ತದೆ. R ಚಿಕ್ಕದಾದಷ್ಟೂ ಅದು ಎತ್ತರವಾಗುತ್ತದೆ, ತೆಳ್ಳಗಾಗುತ್ತದೆ. ಅದರ ಕೆಳಗಿನ ಒಟ್ಟು ಚಾರ್ಜ್ ಮಾತ್ರ R ಎಷ್ಟೇ ಇದ್ದರೂ 1 ಕೂಲಂಬೇ.